ಹಗುರ ಭಾರ, ದೊಡ್ಡ ಯೂನಿಟ್: ಮೋಟಾರ್ ಯೂನಿಟ್‌ಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಜಿಮ್‌ನಲ್ಲಿ ತರಬೇತಿ ಕೊಡುವಾಗ ಒಂದು ವಿಷಯ ಮತ್ತೆ ಮತ್ತೆ ಮಾತಿಗೆ ಬರುತ್ತದೆ. ಭಾರವಾದ ಡಂಬೆಲ್ ಎತ್ತದೆ ಸ್ನಾಯು ಬೆಳೆಯುತ್ತದಾ? ಇದಕ್ಕೆ ಸರಿಯಾದ ಉತ್ತರ ಕೊಡಬೇಕಾದರೆ ಬೆನ್ನುಹುರಿಯವರೆಗೆ ಹೋಗಿ ಬರಬೇಕು. ಜನ ಎದುರಿಗೆ ಸಿಕ್ಕಾಗ ಕೇಳಿದ್ದು, ಬರೆದು ಕೇಳಿದ್ದು ಎರಡನ್ನೂ ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ.

## ಮೊದಲು ತಿಳಿಯಬೇಕಾದದ್ದು

ಮೋಟಾರ್ ಯೂನಿಟ್ ಅಂದ್ರೆ ಏನು ಸರ್? ಸ್ನಾಯುವಿನ ಎಳೆಗೇ ಹಾಗಂತಾರಾ?

ಇಲ್ಲ, ಎಳೆ ಅದರ ಒಂದು ಭಾಗ ಮಾತ್ರ. ಬೆನ್ನುಹುರಿಯಲ್ಲಿ ಒಂದು ನರಕೋಶ ಇರುತ್ತದೆ. ಅದರಿಂದ ಒಂದು ಉದ್ದನೆಯ ತಂತು ಹೊರಟು ಸ್ನಾಯುವಿನವರೆಗೆ ಬರುತ್ತದೆ. ಅಲ್ಲಿ ಕವಲೊಡೆದು ಹತ್ತಾರು, ನೂರಾರು ಎಳೆಗಳಿಗೆ ತಾಗಿಕೊಳ್ಳುತ್ತದೆ. ಆ ಒಂದು ನರಕೋಶ, ಅದು ಹಿಡಿದಿರುವ ಎಲ್ಲ ಎಳೆಗಳು, ಎರಡೂ ಸೇರಿ ಒಂದು ಮೋಟಾರ್ ಯೂನಿಟ್.

ನರಕೋಶ ಸಂಕೇತ ಕಳಿಸಿದರೆ ಅದರ ಕೈಕೆಳಗಿನ ಎಳೆಗಳೆಲ್ಲ ಒಟ್ಟಿಗೆ ಬಿಗಿಯುತ್ತವೆ. ಅರ್ಧ ಎಳೆ ಕೆಲಸ ಮಾಡಲಿ, ಅರ್ಧ ಸುಮ್ನೆ ಇರಲಿ ಅನ್ನುವ ಹಾಗಿಲ್ಲ. ಬಲ ಹೆಚ್ಚಿಸೋಕೆ ಶರೀರಕ್ಕೆ ಇರುವ ದಾರಿ ಎರಡೇ. ಇನ್ನಷ್ಟು ಯೂನಿಟ್‌ಗಳನ್ನು ಕೆಲಸಕ್ಕೆ ಕರೆಯಬಹುದು. ಇಲ್ಲವೇ ಈಗಾಗಲೇ ಬಂದಿರುವ ಯೂನಿಟ್‌ಗಳಿಗೆ ಸಂಕೇತವನ್ನು ಬೇಗ ಬೇಗ ಕಳಿಸಬಹುದು.

ದೊಡ್ಡ ಯೂನಿಟ್, ಚಿಕ್ಕ ಯೂನಿಟ್ ಅಂತೀರಲ್ಲ, ದೊಡ್ಡದು ಅಂದ್ರೆ ಏನು ದೊಡ್ಡದು?

ಮೂರೂ ದೊಡ್ಡವು. ನರಕೋಶ ದೊಡ್ಡದು, ತಂತು ದಪ್ಪ, ಎಳೆಗಳ ಸಂಖ್ಯೆ ಜಾಸ್ತಿ. ಕಣ್ಣು ತಿರುಗಿಸುವ ಸ್ನಾಯುವಿನ ಒಂದು ಯೂನಿಟ್‌ನಲ್ಲಿ ಬೆರಳೆಣಿಕೆಯಷ್ಟೇ ಎಳೆಗಳಿರಬಹುದು. ಮೀನಖಂಡದ ಸ್ನಾಯುವಿನಲ್ಲಿ ಒಂದೊಂದು ಯೂನಿಟ್‌ಗೆ ಸಾವಿರಕ್ಕೂ ಹೆಚ್ಚು. ಒಂದೇ ಸ್ನಾಯುವಿನ ಒಳಗೂ ಅತಿ ಚಿಕ್ಕ ಯೂನಿಟ್‌ಗೂ ಅತಿ ದೊಡ್ಡದಕ್ಕೂ ಬಲದಲ್ಲಿ ಹತ್ತಾರು ಪಟ್ಟು ವ್ಯತ್ಯಾಸ ಇರುತ್ತದೆ.

ಸ್ವಭಾವವೂ ಬೇರೆ. ಚಿಕ್ಕವು ನಿಧಾನ, ಬಲ ಕಡಿಮೆ, ಆದರೆ ಬೇಗ ದಣಿಯುವುದಿಲ್ಲ. ನೀವು ನಿಂತಾಗ, ನಡೆದಾಗ ಅವೇ ದುಡಿಯುತ್ತಿರುತ್ತವೆ. ದೊಡ್ಡವುಗಳಲ್ಲಿ ಹೆಚ್ಚಿನವು ವೇಗದವು, ಬಲಶಾಲಿ, ಆದರೆ ಬೇಗ ಸುಸ್ತಾಗುತ್ತವೆ. ಭಾರದ ತರಬೇತಿಯಲ್ಲಿ ಈ ವೇಗದ ಎಳೆಗಳು ದಪ್ಪವಾಗುವ ಗುಣ ಜಾಸ್ತಿ. ಅದಕ್ಕೇ ಎಲ್ಲರೂ ಇವುಗಳನ್ನು ಎಬ್ಬಿಸೋದು ಹೇಗೆ ಅಂತ ಕೇಳುವುದು.

ಸಂಖ್ಯೆಯಲ್ಲಿ ಮಾತ್ರ ಚಿಕ್ಕವೇ ಹೆಚ್ಚು. ದೊಡ್ಡವು ಕೆಲವೇ ಕೆಲವು.

ಯಾವುದು ಮೊದಲು ಬರಬೇಕು ಅಂತ ಮೆದುಳು ಆರಿಸಿ ಕಳಿಸುತ್ತಾ?

ಆರಿಸುವುದಿಲ್ಲ. ಮೆದುಳು ಒಟ್ಟಾರೆ ಒತ್ತಡವನ್ನು ಮಾತ್ರ ಹೆಚ್ಚು ಕಡಿಮೆ ಮಾಡುತ್ತದೆ. ಸರದಿ ನರಕೋಶದ ಗಾತ್ರದಿಂದ ತಾನಾಗಿಯೇ ಬರುತ್ತದೆ. ಇದಕ್ಕೇ ಗಾತ್ರದ ನಿಯಮ ಅನ್ನುವುದು.

ಇದನ್ನು ತೋರಿಸಿಕೊಟ್ಟವರು ಹಾರ್ವರ್ಡ್‌ನ ಎಲ್ವುಡ್ ಹೆನ್ನೆಮನ್. 1957ರಲ್ಲಿ ಮೊದಲ ಲೇಖನ ಬಂತು, 1965ರಲ್ಲಿ ಅದನ್ನು ವಿವರವಾಗಿ ಬಿಡಿಸಿಟ್ಟ ಲೇಖನಗಳ ಸರಣಿ. ಅವರು ಬೆಕ್ಕಿನ ಕಾಲಿನ ಸ್ನಾಯುವನ್ನು ಮೆಲ್ಲಗೆ ಎಳೆಯುತ್ತಾ ಹೋದರು. ಬೆನ್ನುಹುರಿಯಿಂದ ಹೊರಬರುವ ನರದ ಸಣ್ಣ ಕಟ್ಟಿನಲ್ಲಿ ಸಂಕೇತಗಳನ್ನು ದಾಖಲಿಸಿಕೊಂಡರು. ದಪ್ಪ ತಂತಿನ ಸಂಕೇತ ದಾಖಲೆಯಲ್ಲಿ ಎತ್ತರವಾಗಿ ಕಾಣುತ್ತದೆ, ತೆಳು ತಂತಿನದು ಗಿಡ್ಡವಾಗಿ. ಎಳೆತ ಕಡಿಮೆ ಇದ್ದಾಗ ಗಿಡ್ಡ ಗೆರೆಗಳು ಮಾತ್ರ ಕಂಡವು. ಎಳೆತ ಹೆಚ್ಚಿದಂತೆ ಎತ್ತರದವು ಒಂದೊಂದಾಗಿ ಸೇರಿದವು. ಎಳೆತ ಸಡಿಲಿಸಿದಾಗ ಎತ್ತರದವೇ ಮೊದಲು ಮಾಯವಾದವು. ಕೊನೆಗೆ ಬಂದದ್ದು ಮೊದಲು ಹೊರಟಿತು.

ಕಾರಣ ಸರಳವಾಗಿದೆ. ಒಂದು ಚೊಂಬು, ಒಂದು ಹಂಡೆ, ಎರಡಕ್ಕೂ ಒಂದೇ ಥರದ ನಲ್ಲಿಯಿಂದ ನೀರು ಬಿಡಿ. ಚೊಂಬು ಮೊದಲು ತುಂಬಿ ಹರಿಯುತ್ತದೆ. ಪುಟ್ಟ ನರಕೋಶದ ಮೈ ಚಿಕ್ಕದು, ಕರೆಂಟ್ ಸೋರಿಹೋಗುವ ದಾರಿಗಳು ಕಡಿಮೆ. ಹಾಗಾಗಿ ಅಷ್ಟೇ ಕರೆಂಟ್ ಬಂದರೂ ಅದರ ವೋಲ್ಟೇಜ್ ಬೇಗ ಏರಿ ಸಂಕೇತ ಹೊರಡುತ್ತದೆ. ಹಂಡೆ ತುಂಬಬೇಕಾದರೆ ನಲ್ಲಿಯನ್ನೇ ಜೋರಾಗಿ ತಿರುಗಿಸಬೇಕು.

ಎಲ್ಲ ಯೂನಿಟ್‌ಗಳೂ ಸೇರಬೇಕಂದ್ರೆ ಎಷ್ಟು ಭಾರ ಹಾಕಬೇಕು?

ಅದು ಸ್ನಾಯುವಿನ ಮೇಲೆ ಹೋಗುತ್ತದೆ. ಕೈಬೆರಳಿನ ಸಣ್ಣ ಸ್ನಾಯುಗಳಲ್ಲಿ ಗರಿಷ್ಠ ಬಲದ ಸುಮಾರು ಅರ್ಧಕ್ಕೆ ಬರುವ ಹೊತ್ತಿಗೆ ಬಹುಪಾಲು ಎಲ್ಲವೂ ಸೇರಿಬಿಟ್ಟಿರುತ್ತವೆ. ಅಲ್ಲಿಂದ ಮುಂದಿನ ಬಲ ಸಂಕೇತದ ವೇಗದಿಂದ ಬರುತ್ತದೆ. ಬೈಸೆಪ್ಸ್‌ನಂಥ ದೊಡ್ಡ ಸ್ನಾಯುಗಳಲ್ಲಿ 80ರಿಂದ 90%ವರೆಗೂ ಹೊಸ ಯೂನಿಟ್‌ಗಳು ಸೇರುತ್ತಲೇ ಇರುತ್ತವೆ.

ಈ ಲೆಕ್ಕ ದಣಿಯದ ಸ್ನಾಯುವಿಗೆ, ನಿಧಾನವಾಗಿ ಬಲ ಹೆಚ್ಚಿಸುವಾಗ ಮಾತ್ರ. ಆ ಕಡೆಯ ಮಾತನ್ನು ಬಿಟ್ಟು ಹೇಳುವುದರಿಂದಲೇ 'ಭಾರ ಹಾಕದಿದ್ರೆ ದೊಡ್ಡ ಎಳೆ ಏಳೋದೇ ಇಲ್ಲ' ಅನ್ನುವ ನಂಬಿಕೆ ಹುಟ್ಟಿದೆ.

## ಹಗುರ ಭಾರದ ವಿಷಯ

ಭಾರ ಹಗುರ ಇದ್ರೆ ಚಿಕ್ಕ ಯೂನಿಟ್‌ಗಳೇ ಸಾಕಲ್ವಾ? ದೊಡ್ಡವು ಯಾಕೆ ಏಳಬೇಕು?

ಶುರುವಿನಲ್ಲಿ ಸಾಕು. ಕೊನೆಯಲ್ಲಿ ಸಾಲುವುದಿಲ್ಲ. ಒಂದು ಲೆಕ್ಕ ಹಿಡಿದು ನೋಡೋಣ.

ನೀವು ಒಂದು ಕೈಯಲ್ಲಿ ಡಂಬೆಲ್ ಕರ್ಲ್ ಮಾಡುವಾಗ ಒಂದೇ ಒಂದು ಸಲಕ್ಕೆ 15 ಕೆಜಿ ಎತ್ತಬಲ್ಲಿರಿ ಅಂದುಕೊಳ್ಳಿ. ಈಗ 5 ಕೆಜಿ ತೆಗೆದುಕೊಂಡಿದ್ದೀರಿ. ಮೊದಲ ರೆಪ್‌ನಲ್ಲಿ ಈ 5 ಕೆಜಿ ನಿಮ್ಮ ಶಕ್ತಿಯ ಮೂರನೇ ಒಂದು ಭಾಗ. ಚಿಕ್ಕ ಯೂನಿಟ್‌ಗಳು, ಜೊತೆಗೆ ಕೆಲವು ಮಧ್ಯಮದವು ಬಂದರೆ ಮುಗಿಯಿತು. ದೊಡ್ಡವಕ್ಕೆ ಕರೆಯೇ ಹೋಗಿರುವುದಿಲ್ಲ.

ರೆಪ್ ಮೇಲೆ ರೆಪ್ ಆಗುತ್ತಾ ಹೋದಂತೆ ದುಡಿಯುತ್ತಿರುವ ಎಳೆಗಳು ದಣಿಯುತ್ತವೆ. ಅದೇ ಸಂಕೇತಕ್ಕೆ ಮೊದಲಿನಷ್ಟು ಬಲ ಬರುವುದಿಲ್ಲ. ಡಂಬೆಲ್ ಮಾತ್ರ 5 ಕೆಜಿಯೇ. ಕೊರತೆ ತುಂಬಲು ಮೆದುಳು ನಲ್ಲಿಯನ್ನು ಇನ್ನಷ್ಟು ತಿರುಗಿಸುತ್ತದೆ. ಒತ್ತಡ ಏರಿದಾಗ ಗಾತ್ರದ ಸರದಿಯಲ್ಲಿ ಮುಂದಿನ ಯೂನಿಟ್ ಬರುತ್ತದೆ. ಅದೂ ದಣಿದಾಗ ಅದರ ಮುಂದಿನದು.

ಈಗ ದಣಿವಿನಿಂದ ನಿಮ್ಮ ಆ ಕ್ಷಣದ ಗರಿಷ್ಠ ಶಕ್ತಿ 15ರಿಂದ 10 ಕೆಜಿಗೆ ಇಳಿದಿದೆ ಅನ್ನಿ. ಅದೇ ಡಂಬೆಲ್ ಈಗ ನಿಮಗೆ ಅರ್ಧ ಶಕ್ತಿಯ ಕೆಲಸ. 7 ಕೆಜಿಗೆ ಇಳಿದಾಗ ಅದು ಸುಮಾರು 70%. ಕೊನೆಗೆ 5 ಕೆಜಿಗೆ ಇಳಿದಾಗ 100%. ಆಮೇಲೆ ಕೈ ಮೇಲೇಳುವುದಿಲ್ಲ. ಇದನ್ನೇ ಜಿಮ್‌ನಲ್ಲಿ ಫೇಲ್ಯೂರ್ ಅನ್ನುವುದು. ಹಾಗಾಗಿ ಫೇಲ್ಯೂರ್ ಅಂದರೆ ಹಗುರ ಭಾರವೇ ನಿಮ್ಮ ಗರಿಷ್ಠ ಭಾರವಾಗಿ ಬದಲಾದ ಕ್ಷಣ.

ಮನೆಯಲ್ಲೇ ನೋಡಿ. ತುಂಬಿದ ಬಿಂದಿಗೆಯನ್ನು ಎತ್ತಿದಾಗ ಏನೂ ಅನ್ನಿಸುವುದಿಲ್ಲ. ಅದನ್ನೇ ಹಿಡಿದು ಐದು ನಿಮಿಷ ನಿಂತರೆ ಬೆರಳು ಬಿಟ್ಟುಕೊಳ್ಳುವ ಹಾಗಾಗಿ, ಹಲ್ಲು ಕಚ್ಚಿ ಹಿಡಿಯಬೇಕಾಗುತ್ತದೆ. ನೀರು ಒಂದು ತೊಟ್ಟೂ ಹೆಚ್ಚಾಗಿರುವುದಿಲ್ಲ, ಅಲ್ವಾ?

ದಣಿವಿನ ಜೊತೆ ಇನ್ನೊಂದು ಬದಲಾವಣೆಯೂ ಆಗುತ್ತದೆ. ಕಡಿಮೆ ಬಲದ ಕೆಲಸವನ್ನು ಕೈಲಾಗದವರೆಗೆ ಮತ್ತೆ ಮತ್ತೆ ಮಾಡಿಸಿ ತೊಡೆಯ ಸ್ನಾಯುವನ್ನು ಅಳೆದಾಗ, ಯೂನಿಟ್‌ಗಳು ಮೊದಲಿಗಿಂತ ಕಡಿಮೆ ಬಲದಲ್ಲೇ ಕೆಲಸಕ್ಕಿಳಿಯುವುದು ಕಂಡಿದೆ. ಸರದಿ ಮಾತ್ರ ಹಾಗೆಯೇ ಉಳಿಯುತ್ತದೆ.

ಹಾಗಾದ್ರೆ ಮೊದಲ 20 ರೆಪ್ ದಂಡನಾ?

ದೊಡ್ಡ ಯೂನಿಟ್‌ಗಳ ದೃಷ್ಟಿಯಿಂದ ಅವು ದಾರಿಖರ್ಚು. ಆ ದಣಿವು ಇಲ್ಲದೆ ಕೊನೆಯ ರೆಪ್‌ಗಳು ಕಷ್ಟವಾಗುವುದೇ ಇಲ್ಲ. ಭಾರ ಹೆಚ್ಚಿದ್ದರೆ ಮೊದಲ ರೆಪ್‌ನಿಂದಲೇ ಹೆಚ್ಚಿನ ಯೂನಿಟ್‌ಗಳು ಕೆಲಸದಲ್ಲಿರುತ್ತವೆ. ಹಗುರ ಭಾರದಲ್ಲಿ ಅವು ಕೊನೆಯಲ್ಲಿ ಬರುತ್ತವೆ.

ಆದ್ದರಿಂದ ಎಲ್ಲಿ ನಿಲ್ಲಿಸುತ್ತೀರಿ ಅನ್ನುವುದು ಹಗುರ ಭಾರದಲ್ಲಿ ಬಹಳ ಮುಖ್ಯ. ಗರಿಷ್ಠದ 80% ಹಾಕಿ 8 ರೆಪ್ ಆಗುವಲ್ಲಿ 5ಕ್ಕೆ ನಿಲ್ಲಿಸಿದರೂ ದೊಡ್ಡ ಯೂನಿಟ್‌ಗಳಿಗೆ ಒಂದಿಷ್ಟು ಕೆಲಸ ಸಿಕ್ಕಿರುತ್ತದೆ. 30% ಹಾಕಿ 35 ಆಗುವಲ್ಲಿ 20ಕ್ಕೆ ನಿಲ್ಲಿಸಿದರೆ ಅವುಗಳಲ್ಲಿ ಹಲವಕ್ಕೆ ಕರೆ ಹೋಗಿರುವುದೇ ಇಲ್ಲ. 'ಹಗುರ ಹಾಕಿ 15-15 ಮಾಡ್ತಿದ್ದೀನಿ, ಏನೂ ಆಗ್ತಿಲ್ಲ' ಅನ್ನುವವರ ತೊಂದರೆ ಹೆಚ್ಚಾಗಿ ಇದೇ. ಅವರ 15 ಒಂದು ಅಂಕಿ ಅಷ್ಟೇ, ಸ್ನಾಯುವಿನ ಕೊನೆ ಅಲ್ಲ.

ಕೊನೆ ಹತ್ತಿರ ಬಂತು ಅಂತ ಗೊತ್ತಾಗೋದು ಹೇಗೆ? ನನಗೆ 12ನೇ ರೆಪ್‌ಗೇ ಉರಿ ಶುರುವಾಗುತ್ತೆ.

ಉರಿಯನ್ನು ನಂಬಬೇಡಿ. ವೇಗವನ್ನು ನೋಡಿ. ಉರಿ ಬಹಳ ಮುಂಚೆ ಬರುತ್ತದೆ. ಆಗ ಡಂಬೆಲ್ ಇನ್ನೂ ಮೊದಲಿನ ವೇಗದಲ್ಲೇ ಮೇಲೇರುತ್ತಿರುತ್ತದೆ. ಅಂದರೆ ಸ್ನಾಯುವಿನಲ್ಲಿ ಸಾಕಷ್ಟು ಉಳಿದಿದೆ.

ಹೋದ ವಾರ ಒಬ್ಬ ಹುಡುಗನಿಗೆ 5 ಕೆಜಿ ಕೊಟ್ಟು ಪಕ್ಕದಲ್ಲೇ ನಿಂತೆ. 14ಕ್ಕೆ ಮುಖ ಕಿವುಚಿದ, 'ಆಯ್ತು ಸರ್' ಅಂದ. ರೆಪ್ ಮಾತ್ರ ಒಂದೇ ಸಮ ಬರುತ್ತಿತ್ತು. 'ಇನ್ನೂ ಮಾಡು, ನಾನಿದ್ದೀನಿ' ಅಂದೆ. 24ರ ಹೊತ್ತಿಗೆ ಮೊಣಕೈ 90 ಡಿಗ್ರಿಗೆ ಬರುವಲ್ಲಿ ಡಂಬೆಲ್ ತಡೆಯತೊಡಗಿತು. 27ರಲ್ಲಿ ಅಲ್ಲೇ ಸಣ್ಣಗೆ ನಡುಗಿತು, ಎಷ್ಟು ಪ್ರಯತ್ನಪಟ್ಟರೂ ಬೇಗ ಏಳಲಿಲ್ಲ. 29ನೆಯದು ಅರ್ಧಕ್ಕೆ ನಿಂತುಹೋಯಿತು. ಅವನು ನಿಲ್ಲಿಸಬೇಕು ಅಂದುಕೊಂಡ ಜಾಗಕ್ಕೂ ನಿಜವಾದ ಕೊನೆಗೂ 14 ರೆಪ್ ಅಂತರ.

ಹಾಗಾಗಿ ಗುರುತು ಇದು: ನೀವು ಬೇಗ ಎತ್ತಲು ಪ್ರಯತ್ನಿಸುತ್ತಿದ್ದರೂ ಭಾರ ನಿಧಾನವಾಗಬೇಕು. ಸೊಂಟ ತೂಗಿ, ಭುಜ ಎತ್ತಿ ಮುಗಿಸಿದ ರೆಪ್ ಲೆಕ್ಕಕ್ಕಿಲ್ಲ. ಅಲ್ಲಿ ಬೇರೆ ಸ್ನಾಯು ಕೆಲಸ ಹಂಚಿಕೊಂಡಿರುತ್ತದೆ. ಪ್ರತಿ ಸೆಟ್‌ನಲ್ಲೂ ಕೈ ಪೂರ್ತಿ ಸೋಲಲೇಬೇಕು ಅಂತೇನೂ ಇಲ್ಲ. ಒಂದೆರಡು ರೆಪ್ ಉಳಿಸಿ ನಿಲ್ಲಿಸಿದರೂ ಸಾಕು. ಆದರೆ ಒಂದೆರಡು ಎಲ್ಲಿದೆ ಅಂತ ತಿಳಿಯಲು ಕೆಲವು ಸಲ ಕೊನೆಯವರೆಗೆ ಹೋಗಿ ನೋಡಿರಬೇಕು.

ಸ್ಕ್ವಾಟ್‌ನಲ್ಲೂ ಹಗುರ ಹಾಕಿ 30 ಮಾಡಬಹುದಾ?

ಮಾಡಬಹುದು, ಆದರೆ ನಾನು ಹೇಳಿಕೊಡುವುದಿಲ್ಲ. ಅಲ್ಲಿ ತೊಡೆ ಸೋಲುವ ಮುಂಚೆ ಉಸಿರು ಸೋಲುತ್ತದೆ. ಏದುಸಿರು, ವಾಕರಿಕೆ, ಸೊಂಟದ ದಣಿವು ಇವೆಲ್ಲ ಸೇರಿ ನೀವು ನಿಲ್ಲಿಸುತ್ತೀರಿ. ಆಗ ತೊಡೆಯ ದೊಡ್ಡ ಯೂನಿಟ್‌ಗಳಿಗೆ ಸರದಿ ಬಂತೋ ಇಲ್ಲವೋ ಹೇಳಲಾಗದು. ಲೆಗ್ ಎಕ್ಸ್‌ಟೆನ್ಷನ್, ಕರ್ಲ್, ಭುಜ ಪಕ್ಕಕ್ಕೆತ್ತುವ ವ್ಯಾಯಾಮ, ಹೀಗೆ ಒಂದೇ ಕೀಲು ಆಡುವ ಕಡೆ ಹಗುರ ಭಾರ ಚೆನ್ನಾಗಿ ಹೊಂದುತ್ತದೆ.

ಇದೆಲ್ಲ ಲೆಕ್ಕದ ಮಾತು. ನಿಜಕ್ಕೂ ಯಾರಾದ್ರೂ ಮಾಡಿಸಿ ನೋಡಿದ್ದಾರಾ?

ನೋಡಿದ್ದಾರೆ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 2012ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಬಹಳ ಇಷ್ಟ. 18 ಯುವಕರು, 10 ವಾರ, ಲೆಗ್ ಎಕ್ಸ್‌ಟೆನ್ಷನ್. ಒಬ್ಬನದೇ ಎರಡು ಕಾಲಿಗೆ ಬೇರೆ ಬೇರೆ ತರಬೇತಿ. ಊಟ, ನಿದ್ದೆ, ತಂದೆ ತಾಯಿಯಿಂದ ಬಂದ ಮೈಕಟ್ಟು ಎಲ್ಲ ಎರಡೂ ಕಾಲಿಗೆ ಒಂದೇ ತಾನೆ! ಗರಿಷ್ಠದ 30% ಭಾರದಲ್ಲಿ ಮೂರು ಸೆಟ್ ಮಾಡಿದ ಕಾಲೂ, 80% ಭಾರದಲ್ಲಿ ಮೂರು ಸೆಟ್ ಮಾಡಿದ ಕಾಲೂ ಗಾತ್ರದಲ್ಲಿ ಸುಮಾರು 7% ಬೆಳೆದವು. ಎರಡೂ ಕಡೆ ಕೈಲಾಗದವರೆಗೆ ಮಾಡಿಸಿದ್ದರು.

ಆದರೆ ಬೆಳವಣಿಗೆ ಕಂಡ ಮಾತ್ರಕ್ಕೆ ದೊಡ್ಡ ಯೂನಿಟ್ ಎದ್ದಿತ್ತು ಅನ್ನಲಾಗದು. ಅದಕ್ಕೆ ಎಳೆಯ ಒಳಗೇ ನೋಡಬೇಕು. ಅದೇ ವಿಶ್ವವಿದ್ಯಾಲಯದಿಂದ 2019ರಲ್ಲಿ ಆ ಕೆಲಸವೂ ಬಂತು. ತೊಡೆಯಿಂದ ಸೂಜಿಯಲ್ಲಿ ಚೂರು ಸ್ನಾಯು ತೆಗೆದು, ವ್ಯಾಯಾಮದ ಮುಂಚೆ ಮತ್ತು ನಂತರ ಎಳೆಗಳಲ್ಲಿ ಕೂಡಿಟ್ಟ ಇಂಧನವಾದ ಗ್ಲೈಕೋಜನ್ ಎಷ್ಟಿದೆ ಅಂತ ನೋಡಿದರು. ದುಡಿದ ಎಳೆಯ ಗ್ಲೈಕೋಜನ್ ಖರ್ಚಾಗಿರುತ್ತದೆ, ಸುಮ್ಮನಿದ್ದ ಎಳೆಯದು ಹಾಗೇ ಇರುತ್ತದೆ. ಕೊನೆಯವರೆಗೆ ಮಾಡಿದಾಗ 30% ಭಾರದಲ್ಲೂ ವೇಗದ ಎಳೆಗಳ ಗ್ಲೈಕೋಜನ್ ಖರ್ಚಾಗಿತ್ತು. 80%ಗೆ ಹೋಲಿಸಿದರೆ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ.

## ಇನ್ನೂ ಆಳಕ್ಕೆ

ಸ್ನಾಯುವಿನ ವಿದ್ಯುತ್ ಸಂಕೇತ ಅಳೆಯುವ ಇಎಂಜಿ ಹಚ್ಚಿ ನೋಡಿದ್ರೆ ಹಗುರ ಭಾರದಲ್ಲಿ ಸಿಗ್ನಲ್ ಕಡಿಮೆ ಬರುತ್ತಂತೆ. ಹಾಗಾದ್ರೆ ನೀವು ಹೇಳೋದು ತಪ್ಪಲ್ವಾ?

ಒಳ್ಳೆಯ ಪ್ರಶ್ನೆ. ಮಾಹಿತಿ ಸರಿ. ಕೊನೆಯವರೆಗೆ ಹೋದರೂ ಹಗುರ ಭಾರದ ಇಎಂಜಿ ಭಾರವಾದದ್ದರ ಮಟ್ಟಕ್ಕೆ ಸಾಮಾನ್ಯವಾಗಿ ಏರುವುದಿಲ್ಲ. ಆದರೆ ಚರ್ಮದ ಮೇಲೆ ಅಂಟಿಸುವ ಇಎಂಜಿ ಯೂನಿಟ್‌ಗಳನ್ನು ಎಣಿಸುವ ಯಂತ್ರ ಅಲ್ಲ. ಆ ಕ್ಷಣದಲ್ಲಿ ಎಷ್ಟು ಯೂನಿಟ್‌ಗಳು, ಎಷ್ಟು ವೇಗದಲ್ಲಿ ಸಂಕೇತ ಹೊಡೆಯುತ್ತಿವೆ, ಆ ಸಂಕೇತದ ಆಕಾರ ಹೇಗಿದೆ, ಎಲ್ಲದರ ಒಟ್ಟು ಮೊತ್ತವನ್ನು ಅದು ತೋರಿಸುತ್ತದೆ.

ಭಾರವಾದ ಸೆಟ್‌ನಲ್ಲಿ ಹೆಚ್ಚಿನ ಯೂನಿಟ್‌ಗಳು ಒಂದೇ ಹೊತ್ತಿಗೆ, ಜೋರಾಗಿ ಹೊಡೆಯುತ್ತಿರುತ್ತವೆ. ಉದ್ದನೆಯ ಹಗುರ ಸೆಟ್‌ನಲ್ಲಿ ಮೊದಲು ಬಂದ ಕೆಲವು ನಿಧಾನವಾಗಿರಬಹುದು, ಕೆಲವು ಬಿಟ್ಟು ಹೋಗಿರಬಹುದು, ಆ ಹೊತ್ತಿಗೆ ಬೇರೆಯವು ಸೇರಿರುತ್ತವೆ. ಸೆಟ್ ಮುಗಿಯುವಷ್ಟರಲ್ಲಿ ಬಹಳಷ್ಟು ಯೂನಿಟ್‌ಗಳು ದುಡಿದಿದ್ದರೂ ಯಾವ ಒಂದು ಕ್ಷಣದಲ್ಲೂ ಎಲ್ಲವೂ ಒಟ್ಟಿಗೆ ಇರಲಿಕ್ಕಿಲ್ಲ. ಗ್ಲೈಕೋಜನ್ ಪರೀಕ್ಷೆ ಇಡೀ ಸೆಟ್‌ನ ಲೆಕ್ಕ ಹೇಳುತ್ತದೆ, ಇಎಂಜಿ ಆ ಕ್ಷಣದ್ದು. ಎರಡೂ ನಿಜವಾಗಿರಲು ಅಡ್ಡಿಯಿಲ್ಲ.

ಅದಕ್ಕೇ ನಾನು 'ಹಗುರ ಭಾರದಲ್ಲೂ ಪ್ರತಿಯೊಂದು ಯೂನಿಟ್ ಏಳುತ್ತದೆ' ಅನ್ನುವುದಿಲ್ಲ. ದೊಡ್ಡವು ಏಳುತ್ತವೆ ಅನ್ನುತ್ತೇನೆ. ತೀರಾ ಮೇಲಿನ ಕೆಲವು ಏಳದೆ ಉಳಿಯಬಹುದು. ಮೆದುಳಿನ ಕಡೆಯಿಂದಲೂ ದಣಿವು ಬರುತ್ತದೆ. ಉದ್ದನೆಯ ಸೆಟ್‌ನಲ್ಲಿ ಅದು ಜಾಸ್ತಿಯಾದರೆ ನಲ್ಲಿ ಪೂರ್ತಿ ತೆರೆಯುವ ಮುಂಚೆಯೇ ನೀವು ಕೈಬಿಟ್ಟಿರುತ್ತೀರಿ.

ಎರಡೂ ಒಂದೇ ಆದ್ರೆ ಭಾರ ಎತ್ತೋದೇ ಬೇಡ ಅಲ್ವಾ?

ಗಾತ್ರಕ್ಕೆ ಹೆಚ್ಚುಕಡಿಮೆ ಒಂದೇ. ಶಕ್ತಿಗೆ ಅಲ್ಲ. ಮೇಲೆ ಹೇಳಿದ 2012ರ ಪ್ರಯೋಗದಲ್ಲೇ ಒಂದು ಸಲಕ್ಕೆ ಎತ್ತುವ ಗರಿಷ್ಠ ಭಾರ 80% ಕಾಲಿನಲ್ಲಿ ಹೆಚ್ಚು ಏರಿತು. ಕಾರಣ ಇಷ್ಟೇ: ಎಲ್ಲ ಯೂನಿಟ್‌ಗಳನ್ನೂ ಒಂದೇ ಹೊತ್ತಿಗೆ, ದಣಿಯದೆ ಇರುವಾಗ, ಜೋರು ಸಂಕೇತದಲ್ಲಿ ಓಡಿಸುವುದು ಬೇರೆಯೇ ಒಂದು ಅಭ್ಯಾಸ. ಹಗುರ ಸೆಟ್‌ನಲ್ಲಿ ಆ ಸಂದರ್ಭವೇ ಬರುವುದಿಲ್ಲ. ನಿಮಗೆ ಗರಿಷ್ಠ ಭಾರ ಏರಬೇಕಾದರೆ ಭಾರವನ್ನೇ ಎತ್ತಬೇಕು.

ಹಗುರ ಭಾರವನ್ನೇ ಜೋರಾಗಿ, ಝಾಡಿಸಿ ಎತ್ತಿದ್ರೆ ದೊಡ್ಡವು ಬೇಗ ಬರಲ್ವಾ?

ಬರುತ್ತವೆ. ಸಾಧ್ಯವಾದಷ್ಟು ವೇಗವಾಗಿ ಬಲ ಹಾಕಿದಾಗ ಯೂನಿಟ್‌ಗಳು ಸೇರುವ ಮಟ್ಟ ಬಹಳ ಕೆಳಗೆ ಇಳಿಯುತ್ತದೆ. ಅಲ್ಲೂ ಚಿಕ್ಕದು ಮೊದಲು, ದೊಡ್ಡದು ಆಮೇಲೆ. ಎಲ್ಲವೂ ಮಿಲಿಸೆಕೆಂಡುಗಳ ಲೆಕ್ಕದಲ್ಲಿ ಮುಗಿಯುತ್ತದೆ ಅಷ್ಟೇ. ಜಿಗಿಯುವಾಗ, ಚೆಂಡು ಎಸೆಯುವಾಗ ಆಗುವುದು ಇದೇ.

ಆದರೂ ಜಿಗಿದು ಜಿಗಿದು ತೊಡೆ ದಪ್ಪವಾಗುವುದು ಕಡಿಮೆ. ಯೂನಿಟ್ ಎದ್ದರೆ ಸಾಲದು, ಅದರ ಎಳೆಗಳು ಒಂದಿಷ್ಟು ಹೊತ್ತು ಎಳೆತವನ್ನು ಹೊರಬೇಕು. ಎಳೆ ವೇಗವಾಗಿ ಕುಗ್ಗುವಾಗ ಅದು ಹೊರುವ ಎಳೆತ ಕಡಿಮೆ. ಸೆಟ್‌ನ ಕೊನೆಯ ರೆಪ್‌ಗಳು ತಾವಾಗಿಯೇ ನಿಧಾನವಾಗುತ್ತವಲ್ಲ, ದೊಡ್ಡ ಯೂನಿಟ್‌ಗಳ ಎಳೆಗಳ ಮೇಲೆ ಎಳೆತ ಬೀಳುವುದು ಅಲ್ಲಿ.

ಎಷ್ಟು ಹಗುರವಾದ್ರೂ ಪರವಾಗಿಲ್ವಾ? 1 ಕೆಜಿ ಹಿಡಿದು ನೂರು ಸಲ ಮಾಡಲಾ?

ಒಂದು ಮಿತಿ ಇದೆ. ಗರಿಷ್ಠದ 20, 40, 60, 80% ಭಾರಗಳನ್ನು ಹೋಲಿಸಿದ ಬ್ರೆಜಿಲ್‌ನ ಒಂದು ಪ್ರಯೋಗ 2018ರಲ್ಲಿ ಬಂತು. 40ರಿಂದ ಮೇಲೆ ಬೆಳವಣಿಗೆ ಒಂದೇ ಥರ ಇತ್ತು. 20%ನಲ್ಲಿ ಸ್ಪಷ್ಟವಾಗಿ ಕಡಿಮೆ. ಅಷ್ಟು ಹಗುರವಾದರೆ ದಣಿದ ಎಳೆಗಳು ರೆಪ್‌ಗಳ ನಡುವೆಯೇ ಒಂದಿಷ್ಟು ಸುಧಾರಿಸಿಕೊಳ್ಳುತ್ತವೆ. ಬೇಸರ, ಉರಿ ಮೊದಲು ಬಂದು ಸೆಟ್ ಮುಗಿಯುತ್ತದೆ. 30% ಸುಮಾರನ್ನು ಕೆಳಗಿನ ಗಡಿ ಅಂತ ಇಟ್ಟುಕೊಳ್ಳಿ. ಒಂದು ಸೆಟ್‌ನಲ್ಲಿ 35-40 ದಾಟಿಯೂ ವೇಗ ಇಳಿಯದಿದ್ದರೆ ಭಾರ ಏರಿಸಿ.

ಅಮ್ಮನಿಗೆ 68 ವರ್ಷ, ಮಂಡಿ ನೋವು. ಅವರಿಗೆ ಇದು ಆಗುತ್ತಾ?

ಅಂಥವರಿಗೇ ಇದು ಹೆಚ್ಚು ಉಪಯೋಗ. ವಯಸ್ಸಾದಂತೆ ಬೆನ್ನುಹುರಿಯ ಕೆಲವು ನರಕೋಶಗಳು ಸಾಯುತ್ತವೆ. ಅನಾಥವಾದ ಎಳೆಗಳಲ್ಲಿ ಕೆಲವನ್ನು ಪಕ್ಕದ ನರದ ಕವಲು ಬಂದು ಹಿಡಿದುಕೊಳ್ಳುತ್ತದೆ. ಉಳಿದವು ನಶಿಸುತ್ತವೆ. ಅಂದರೆ ಯೂನಿಟ್‌ಗಳ ಸಂಖ್ಯೆ ಕಡಿಮೆಯಾಗುತ್ತದೆ, ಉಳಿದ ಒಂದೊಂದೂ ದೊಡ್ಡದಾಗುತ್ತದೆ. ಜೊತೆಗೆ ವೇಗದ ಎಳೆಗಳು ಹೆಚ್ಚು ಸೊರಗುತ್ತವೆ. ದಿನದ ಓಡಾಟದಲ್ಲಿ ಅವುಗಳ ಸರದಿ ಬರುವುದು ಅಪರೂಪ.

ಮಂಡಿ ಭಾರ ತಡೆಯುವುದಿಲ್ಲ ಅಂದರೆ ಹಗುರ ಭಾರದಲ್ಲಿ ಸರದಿಯನ್ನು ಅವುಗಳವರೆಗೆ ತರಬಹುದು. ಕುರ್ಚಿಯಲ್ಲಿ ಕೂತು, ಕಾಲಿಗೆ ಮರಳು ಚೀಲ ಕಟ್ಟಿ, ಮೊಣಕಾಲು ನೀಡುವುದರಿಂದ ಶುರು ಮಾಡಿಸಿ. ಕಾಲು ಏಳುವ ವೇಗ ತಾನಾಗಿಯೇ ಇಳಿದಾಗ, ಇನ್ನು ಎರಡು ಮೂರು ಆಗುತ್ತದೆ ಅನ್ನಿಸುವಾಗ ನಿಲ್ಲಿಸಿ. ಪೂರ್ತಿ ಸೋಲುವವರೆಗೆ ಬೇಡ. ಉದ್ದನೆಯ ಸೆಟ್‌ನ ಕೊನೆಯಲ್ಲಿ ರಕ್ತದೊತ್ತಡ ಚೆನ್ನಾಗಿಯೇ ಏರುತ್ತದೆ, ಭಾರ ಹಗುರ ಅಂತ ಅದು ಸುಮ್ಮನಿರುವುದಿಲ್ಲ. ಬಿಪಿ ಅಥವಾ ಹೃದಯದ ತೊಂದರೆ ಇದ್ದರೆ ಮೊದಲು ಅವರ ಡಾಕ್ಟರನ್ನು ಕೇಳಿ. ಉಸಿರು ಕಟ್ಟಿಕೊಂಡು ಎತ್ತಲು ಬಿಡಬೇಡಿ. ಜೋರಾಗಿ ಎಣಿಸುತ್ತಾ ಮಾಡಲು ಹೇಳಿ, ಉಸಿರು ತಾನಾಗಿಯೇ ಆಡುತ್ತದೆ. ನೋವು ಮಂಡಿಯ ಒಳಗೆ ಬಂದರೆ ಆ ದಿನ ಅಲ್ಲಿಗೇ ಬಿಡಿ. ತೊಡೆಯಲ್ಲಿ ಸುಸ್ತು ಬಂದರೆ ಅದು ಸರಿಯಾದ ಜಾಗ.